ರಾತ್ರಿ ಎರಡು ಗಂಟೆ ಯಾವ ದಿನದ್ದು?

ಪ್ರಶ್ನೆ: ಕೊಟ್ಟೂರು ಗುರುಬಸವೇಶ್ವರ ಜಾತ್ರೆಗೆ ನಡೆದು ಹೋಗುವ ಭಕ್ತರಿಗಾಗಿ ನಮ್ಮೂರಿನ ಹುಡುಗರು, ಹಿರಿಯರು ಸೇರಿ ದಾರಿಬದಿಯಲ್ಲಿ ನೀರು, ಮಜ್ಜಿಗೆಯ ಪೆಂಡಾಲು ಹಾಕುತ್ತೇವೆ. ಹದಿನೆಂಟು ಜನರಿಗೆ ರಾತ್ರಿ ಪಾಳಿ ಹಂಚಿರುತ್ತೇವೆ. ಹಿಂದಿನ ದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನೆನಪಿನ ಸಂದೇಶವನ್ನೂ ಹಾಕುತ್ತೇವೆ. ಆದರೂ ಒಬ್ಬರು ತಡವಾಗಿ ಬರುತ್ತಾರೆ, ಇನ್ನೊಬ್ಬರು ಮರುದಿನ ಬರುತ್ತಾರೆ, ಬಂದವರು "ನಾನೇನು ಮಾಡಬೇಕು?" ಎಂದು ಕೇಳುತ್ತಾ ನಿಲ್ಲುತ್ತಾರೆ. ಆ ಸಂದೇಶದಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು?
– ಓದುಗರೊಬ್ಬರು, ಬಾಗಳಿ, ಹರಪನಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಇನ್ನೊಬ್ಬರು ಮರುದಿನ ಬರುತ್ತಾರೆ" ಎಂಬ ಮಾತು. ತಡವಾಗಿ ಬರುವವರು ಎಲ್ಲ ಕಡೆಯೂ ಇರುತ್ತಾರೆ. ಒಂದಿಡೀ ದಿನ ತಪ್ಪಿಸಿಕೊಂಡು ಬರುವವರು ಸೋಮಾರಿಗಳಲ್ಲ. ಅವರು ಸಂದೇಶವನ್ನು ಓದಿದ್ದಾರೆ, ನಂಬಿದ್ದಾರೆ, ಅದರಲ್ಲಿದ್ದಂತೆಯೇ ನಡೆದಿದ್ದಾರೆ. ತಪ್ಪು ಸಂದೇಶದ ಒಳಗೇ ಇದೆ. ಹಾಗಾಗಿ ಮೊದಲು ಅದನ್ನೇ ಬಿಡಿಸೋಣ. ಕೆಲಸ, ತರಬೇಕಾದ ಸಾಮಾನು ಆಮೇಲೆ.

ನಿಮ್ಮ ಪಾಳಿಗಳು ಸಂಜೆ 6ರಿಂದ 10, ರಾತ್ರಿ 10ರಿಂದ 2, 2ರಿಂದ ಬೆಳಿಗ್ಗೆ 6 ಎಂದು ಇಟ್ಟುಕೊಳ್ಳೋಣ. ಒಂದೊಂದಕ್ಕೆ ಆರು ಜನ. ಮಾಘ ಮಾಸದ ಕೊನೆಯಲ್ಲಿ ನಮ್ಮ ಕಡೆ ಹಗಲಿನ ಬಿಸಿಲು ಚುರುಕಾಗಿರುತ್ತದೆ. ಅದಕ್ಕೇ ನಡೆಯುವವರು ಸಂಜೆಯಿಂದ ಬೆಳಗಿನವರೆಗೆ ಹೆಚ್ಚು ನಡೆಯುತ್ತಾರೆ, ನಿಮ್ಮ ಪೆಂಡಾಲಿಗೆ ನಿಜವಾದ ಕೆಲಸ ಬೀಳುವುದೂ ರಾತ್ರಿಯಲ್ಲೇ. ಈಗ ಮೂರನೆಯ ಪಾಳಿಯವರಿಗೆ ನೀವು "ಗುರುವಾರ ರಾತ್ರಿ 2 ಗಂಟೆಗೆ ಬನ್ನಿ" ಎಂದು ಬರೆದಿರಿ ಎನ್ನಿ. ಮೊಬೈಲಿನ ಪ್ರಕಾರ ಅದು ಸರಿ. ಬುಧವಾರದ ನಡುರಾತ್ರಿ ದಾಟಿದೊಡನೆ ಮೊಬೈಲಿಗೆ ಗುರುವಾರ. ಆದರೆ ನಮ್ಮ ಮನೆಗಳಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ. ಪಂಚಾಂಗದ ವಾರವೂ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಗುರುವಾರ ರಾತ್ರಿ ಎಂದರೆ ಗುರುವಾರ ಹಗಲು ಕಳೆದ ಮೇಲಿನ ರಾತ್ರಿ ಎಂದೇ ನಮ್ಮ ಹಿರಿಯರು ತಿಳಿಯುತ್ತಾರೆ. ಅವರು ಗುರುವಾರ ಸಂಜೆ ಉಂಡು, ಮಲಗಿ, ಎದ್ದು, ಶುಕ್ರವಾರ ಬೆಳಗಾಗುವ ಮುಂಚೆ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಪೆಂಡಾಲಿನ ಗಳವನ್ನೂ ಕಿತ್ತಿರುತ್ತೀರಿ.

ನಡುರಾತ್ರಿ ಕಳೆದು ಹೊರಡುವ ರೈಲಿಗೆ ಟಿಕೆಟ್ ಮಾಡಿಸಿ, ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋದವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಅವರಿಗೆ ಆದದ್ದೂ ಇದೇ. ರೈಲ್ವೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಹಿಡಿಯುತ್ತದೆ. ಆದರೆ ನಿಮ್ಮ ಗುಂಪಿಗೆ "02:00" ಎಂದು ಬರೆದರೂ ಯಾವ ದಿನದ್ದೆಂಬ ಗೊಂದಲ ಹೋಗುವುದಿಲ್ಲ. ಹೋಗಬೇಕಾದರೆ ಎರಡು ಹಗಲುಗಳ ಹೆಸರನ್ನೂ ಬರೆಯಬೇಕು: "ಬುಧವಾರ ಕಳೆದು ಗುರುವಾರ ಬೆಳಗಾಗುವ ನಡುವಿನ ರಾತ್ರಿ, 2 ಗಂಟೆ." ಇದರ ಜೊತೆಗೆ ಇನ್ನೊಂದು ಗುರುತು ಕೊಟ್ಟರೆ ಇನ್ನೂ ಗಟ್ಟಿ: "ಬುಧವಾರ ರಾತ್ರಿಯ ಊಟ ಮುಗಿಸಿ ಮಲಗಿ, 11:30ಕ್ಕೆ ಎದ್ದು ಹೊರಡಿ." ಊಟ ಯಾವ ದಿನದ್ದೆಂದು ಯಾರೂ ತಪ್ಪು ತಿಳಿಯುವುದಿಲ್ಲ. ಸರಿಯಾಗಿ 12 ಗಂಟೆಗೆ ಯಾವ ಪಾಳಿಯನ್ನೂ ಶುರು ಮಾಡಬೇಡಿ, ಮುಗಿಸಲೂ ಬೇಡಿ. 12 ಎಂದರೆ ಹಗಲೋ ಇರುಳೋ, ಇರುಳಾದರೆ ಯಾವ ದಿನದ್ದೋ ಎಂಬ ಎರಡು ಅನುಮಾನ ಒಟ್ಟಿಗೇ ಬರುತ್ತವೆ. 11:45 ಅಥವಾ 12:15 ಎಂದಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಇನ್ನು ಹಾಜರಿಯ ವೇಳೆ. ಬಹಳ ಗುಂಪುಗಳು ಪಾಳಿ ಆರಂಭವಾಗುವ ವೇಳೆಯನ್ನೇ ಬರೆದು ಬಿಡುತ್ತವೆ. ಹತ್ತು ಗಂಟೆಯ ಪಾಳಿಗೆ ಹತ್ತಕ್ಕೆ ಬಂದವರು ನಿಜವಾಗಿ ಕೆಲಸಕ್ಕೆ ಕೈಹಚ್ಚುವುದು ಹತ್ತೂವರೆಗೆ. ಹೆಸರು ಬರೆಸಬೇಕು, ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಕೊಳ್ಳಬೇಕು, ಎಷ್ಟು ಕ್ಯಾನು ನೀರು ಉಳಿದಿದೆ, ಯಾವ ದೀಪ ಕೆಟ್ಟಿದೆ ಎಂದು ಹಳಬರಿಂದ ಕೇಳಿಕೊಳ್ಳಬೇಕು. ಅಷ್ಟು ಹೊತ್ತು ಹಿಂದಿನ ಪಾಳಿಯವರು ಮನೆಗೆ ಹೋಗಲಾರರು. ಆ ಬೇಸರಕ್ಕೆ ಅವರೇ ಮುಂದಿನ ವರ್ಷ ಬರುವುದಿಲ್ಲ. ಇದಕ್ಕೆ ಅರ್ಧ ಗಂಟೆ ಮೀಸಲಿಡಿ: ಹದಿನೈದು ನಿಮಿಷ ಹೆಸರು ಮತ್ತು ಜಾಕೆಟ್ಟಿಗೆ, ಹದಿನೈದು ನಿಮಿಷ ಹಳಬರ ಪಕ್ಕದಲ್ಲೇ ನಿಂತು ಕೆಲಸ ನೋಡುವುದಕ್ಕೆ. ಹಾಗಾಗಿ 10ರ ಪಾಳಿಗೆ ಹಾಜರಿ 9:30.

ಇಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಜಾತ್ರೆಯ ದಿನಗಳಲ್ಲಿ ಗಾಡಿಗಳನ್ನು ಪೊಲೀಸರು ದೂರದಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸಿದ ಜಾಗದಿಂದ ಪೆಂಡಾಲಿಗೆ ಜನರ ನಡುವೆ ಅರ್ಧ ಗಂಟೆ ನಡಿಗೆ ಎಂದುಕೊಂಡರೆ 9ಕ್ಕೆ ಗಾಡಿ ಇಳಿಯಬೇಕು. ಬಾಗಳಿಯಿಂದ ಆ ಜಾಗಕ್ಕೆ ಮುಕ್ಕಾಲು ಗಂಟೆ ಹಿಡಿದರೆ 8:15ಕ್ಕೆ ಗಾಡಿ ಹೊರಡಬೇಕು. ಎಲ್ಲರೂ ಸೇರಲು ಕಾಲು ಗಂಟೆ, ಅಂದರೆ ಊರಿನಲ್ಲಿ 8:00. ನೀವು ಈ ಲೆಕ್ಕವನ್ನೆಲ್ಲ ಸಂದೇಶದಲ್ಲಿ ಬರೆಯಬೇಕಿಲ್ಲ. ಅಲ್ಲಿ ಎರಡೇ ವೇಳೆ ಸಾಕು. ಊರಿನಿಂದ ಬರುವವರಿಗೆ 8:00, ತಮ್ಮ ತಮ್ಮ ಪಾಡಿಗೆ ಬರುವವರಿಗೆ 9:30. ಬಿಡುಗಡೆಯ ವೇಳೆಯನ್ನು ಮಾತ್ರ ಮರೆಯಬೇಡಿ. ಯಾವಾಗ ಬಿಡುತ್ತಾರೆ ಎಂದು ಗೊತ್ತಿಲ್ಲದ ಕೆಲಸಕ್ಕೆ, ಬೆಳಿಗ್ಗೆ ಹೊಲಕ್ಕೋ ಅಂಗಡಿಗೋ ಹೋಗಬೇಕಾದ ಮನುಷ್ಯ ಹೇಗೆ ಒಪ್ಪಬೇಕು?

ಒಂದು ಜಾಣತನ ಮಾತ್ರ ಮಾಡಬೇಡಿ. "ಹೇಗೂ ತಡವಾಗಿಯೇ ಬರುತ್ತಾರೆ, ಒಂದು ಗಂಟೆ ಮುಂಚೆ ಹೇಳಿಬಿಡೋಣ" ಎಂಬ ಜಾಣತನ. ಮೊದಲ ವರ್ಷ ಅದು ಕೆಲಸ ಮಾಡುತ್ತದೆ. ಹೇಳಿದ ಹೊತ್ತಿಗೆ ಬಂದು ಒಂದು ಗಂಟೆ ಸುಮ್ಮನೆ ಕೂತವರು ಮುಂದಿನ ಸಲ ತಾವೇ ಒಂದು ಗಂಟೆ ಕಳೆದು ಬರುತ್ತಾರೆ. ಆಮೇಲೆ ನೀವು ಎರಡು ಗಂಟೆ ಮುಂಚೆ ಹೇಳಬೇಕಾಗುತ್ತದೆ. ನಿಜವಾದ ವೇಳೆ ಬರೆದು, ಆ ವೇಳೆಗೆ ನೀವು ಅಲ್ಲಿರಿ.

ಎರಡನೆಯದು ಕೆಲಸ. "ನೀರಿನ ವ್ಯವಸ್ಥೆ: ಆರು ಜನ" ಎಂದು ಬರೆದರೆ ಅದು ಕೆಲಸದ ಹಂಚಿಕೆಯಲ್ಲ, ಹೆಸರಿನ ಪಟ್ಟಿ. ಆರು ಜನರೂ ಲೋಟ ತುಂಬಲು ಮೇಜಿನ ಮುಂದೆ ನಿಲ್ಲುತ್ತಾರೆ. ಕ್ಯಾನು ಖಾಲಿಯಾದದ್ದು ಖಾಲಿಯಾದ ಮೇಲೇ ಗೊತ್ತಾಗುತ್ತದೆ. ಒಬ್ಬೊಬ್ಬರ ಕೆಲಸದಲ್ಲೂ ಮೂರು ಸಂಗತಿ ಇರಬೇಕು: ಎಲ್ಲಿ ನಿಲ್ಲುವುದು, ಕೈಯಿಂದ ಮಾಡುವುದೇನು, ಏನಾದರೆ ಯಾರಿಗೆ ಹೇಳುವುದು. ಮೂರನೆಯದು ಹೆಚ್ಚಿನ ಸಂದೇಶಗಳಲ್ಲಿ ಇರುವುದೇ ಇಲ್ಲ. ರಾತ್ರಿ ಒಂದು ಗಂಟೆಗೆ ನಿಮ್ಮ ಫೋನು ಬಿಡದೆ ಹೊಡೆದುಕೊಳ್ಳುವುದು ಅದರಿಂದಲೇ.

ನಿಮ್ಮ ನಡುಪಾಳಿಯ ಆರು ಜನರನ್ನೇ ತೆಗೆದುಕೊಂಡು ನೋಡೋಣ. ಇಬ್ಬರು ಮೇಜಿನ ಹತ್ತಿರ ಲೋಟ ತುಂಬುವವರು. ಒಬ್ಬರು ದಾಸ್ತಾನಿನವರು, ಅವರೇ ಪಾಳಿಯ ಮುಖ್ಯಸ್ಥರೂ ಹೌದು. ಒಬ್ಬರು ರಸ್ತೆ ಅಂಚಿನಲ್ಲಿ ಟಾರ್ಚ್ ಹಿಡಿದು, ನಡೆಯುವವರನ್ನು ಡಾಂಬರಿನಿಂದ ಪಕ್ಕಕ್ಕೆ ಕರೆಯುವವರು. ಒಬ್ಬರು ಬಿಸಾಡಿದ ಲೋಟ ಆರಿಸಿ ಚೀಲ ತುಂಬುವವರು. ಒಬ್ಬರು ಕುರ್ಚಿಗಳ ಬಳಿ ಕಾಲುನೋವಿನವರನ್ನು ನೋಡಿಕೊಳ್ಳುವವರು.

ದಾಸ್ತಾನಿನವರಿಗೆ ಒಂದು ಲೆಕ್ಕ ಕೊಡಬೇಕು. 20 ಲೀಟರಿನ ಒಂದು ಕ್ಯಾನಿನಲ್ಲಿ 200 ಮಿಲಿಯ ನೂರು ಲೋಟ. ಜನ ಹೆಚ್ಚಿರುವ ಒಂದು ಗಂಟೆಯಲ್ಲಿ 500 ಜನ ಹಾದುಹೋಗುತ್ತಾರೆ, ಅರ್ಧದಷ್ಟು ಜನ ನಿಂತು ಎರಡೆರಡು ಲೋಟ ಕುಡಿಯುತ್ತಾರೆ ಎಂದುಕೊಳ್ಳಿ. 500 ಲೋಟ ಆಯಿತು, ಗಂಟೆಗೆ ಐದು ಕ್ಯಾನು. ಕ್ಯಾನು ತುಂಬಿಸಿ ತರುವ ಗಾಡಿಗೆ ಆ ಜನಸಂದಣಿಯಲ್ಲಿ ಹೋಗಿ ಬರಲು ಒಂದೂವರೆ ಗಂಟೆ ಬೇಕಾದರೆ, ಗಾಡಿ ಕಳಿಸುವ ಹೊತ್ತಿಗೆ ಕನಿಷ್ಠ ಎಂಟು ಕ್ಯಾನು ಉಳಿದಿರಬೇಕು. ಹಾಗಾಗಿ ಅವರ ಸಾಲಿನಲ್ಲಿ "ನೀರು ನೋಡಿಕೊಳ್ಳುವುದು" ಎಂಬುದರ ಬದಲು "ಹತ್ತು ಕ್ಯಾನಿಗೆ ಇಳಿದೊಡನೆ ಗಾಡಿಯವರಿಗೆ ಫೋನು" ಎಂದು ಬರೆಯಿರಿ. ನಿಮ್ಮ ದಾರಿಯ ಜನದ ಅಂದಾಜು ಬೇರೆ ಇರಬಹುದು, ಲೆಕ್ಕ ಹಾಕುವ ಕ್ರಮ ಇದೇ.

ಟಾರ್ಚಿನವರ ಸಾಲು ಅತಿ ಮುಖ್ಯ. ಅದು ಜೀವದ ಕೆಲಸ. ನಡೆಯುವವರು ರಸ್ತೆಯ ಯಾವ ಬದಿಯಲ್ಲಿ ಹೋಗುತ್ತಾರೋ ಪೆಂಡಾಲು ಅದೇ ಬದಿಗಿರಬೇಕು. ಇಲ್ಲದಿದ್ದರೆ ನೀರಿನ ಆಸೆಗೆ ಕತ್ತಲಲ್ಲಿ ರಸ್ತೆ ದಾಟುವವರನ್ನು ನೀವೇ ಹುಟ್ಟುಹಾಕಿದಂತೆ. ಟಾರ್ಚ್ ಹಿಡಿದವರು ಪೆಂಡಾಲಿನ ಮುಂದೆ ನಿಲ್ಲದೆ, ಜನ ಬರುವ ದಿಕ್ಕಿನಲ್ಲಿ ಐವತ್ತು ಹೆಜ್ಜೆ ಹಿಂದೆ ನಿಲ್ಲಬೇಕು, ಬೆಳಕನ್ನು ನೆಲಕ್ಕೆ ಬಿಡಬೇಕು. ಎದುರಿನ ಗಾಡಿಯವರ ಕಣ್ಣಿಗೆ ಬಿಟ್ಟರೆ ಅವರಿಗೆ ಜನವೇ ಕಾಣುವುದಿಲ್ಲ. ಈ ಕೆಲಸ ಒಬ್ಬರಿಗೇ ನಾಲ್ಕು ಗಂಟೆ ಕೊಡಬೇಡಿ. ನಿಂತಲ್ಲೇ ಜೋಂಪು ಹತ್ತುತ್ತದೆ. ಲೋಟ ಆರಿಸುವವರೊಂದಿಗೆ ಗಂಟೆಗೊಮ್ಮೆ ಅದಲುಬದಲು ಎಂದು ಸಂದೇಶದಲ್ಲೇ ಬರೆಯಿರಿ.

ಕುರ್ಚಿಯ ಬಳಿ ಇರುವವರಿಗೆ ಒಂದು ಗೆರೆ ಎಳೆದುಕೊಡಿ. ಕಾಲು ತೊಳೆಯಲು ನೀರು, ಬೊಬ್ಬೆಗೆ ಶುದ್ಧ ಬಟ್ಟೆ, ಕೂರಲು ಜಾಗ ಅವರ ಕೆಲಸ. ಬೊಬ್ಬೆ ಒಡೆಯುವುದು, ಮಾತ್ರೆ ಕೊಡುವುದು ಅವರ ಕೆಲಸವಲ್ಲ. ಎದೆನೋವು, ತಲೆ ತಿರುಗಿ ಬೀಳುವುದು, ಮಾತು ತೊದಲುವುದು ಕಂಡರೆ ತಕ್ಷಣ 108. ಆ ಕಡೆಯಿಂದ ಮೊದಲು ಕೇಳುವುದು "ಎಲ್ಲಿದ್ದೀರಿ?" ಎಂದು. "ಕೊಟ್ಟೂರು ರಸ್ತೆಯಲ್ಲಿ" ಎಂದರೆ ಆಂಬುಲೆನ್ಸ್ ಹುಡುಕುತ್ತಾ ಅಲೆಯುತ್ತದೆ. ನಿಮ್ಮ ಪೆಂಡಾಲಿಗೆ ಹತ್ತಿರದ ಕಿಲೋಮೀಟರು ಕಲ್ಲಿನ ಮೇಲಿನ ಊರಿನ ಹೆಸರು, ಅಂಕಿ ಎರಡನ್ನೂ ಮುಂಚೆಯೇ ನೋಡಿಕೊಂಡು ಬಂದು ಸಂದೇಶದಲ್ಲಿ ಹಾಕಿ. ಪಾಳಿಗೆ ಬರುವವರಿಗೂ ಅದೇ ವಿಳಾಸ. ಮೊಬೈಲಿನ ನಕ್ಷೆಯ ಗುರುತು ಕಳಿಸಿದರೆ ಸಾಲದು. ಜಾತ್ರೆಯ ಜನ ಸೇರಿದ ಕಡೆ ಎಲ್ಲರ ಫೋನುಗಳೂ ಒಂದೇ ಟವರಿಗೆ ಮುಗಿಬಿದ್ದು ಇಂಟರ್ನೆಟ್ ನಿಂತೇ ಹೋಗುತ್ತದೆ. "ಕೊಟ್ಟೂರಿಗೆ ಮುಖ ಮಾಡಿದರೆ ಎಡಗಡೆ, ಬೇವಿನ ಮರದ ಕೆಳಗೆ" ಎಂಬ ಮಾತಿಗೆ ಟವರು ಬೇಡ.

ಮೂರನೆಯದು ತರಬೇಕಾದ ಸಾಮಾನು. ಇದನ್ನು ಒಂದೇ ಪಟ್ಟಿಯಾಗಿ ಬರೆಯಬೇಡಿ. ಮನೆಯಿಂದ ತರುವುದು, ಅಲ್ಲಿ ಕೊಡುವುದು, ತರಬಾರದ್ದು ಎಂದು ಬೇರೆ ಮಾಡಿ. ಟಾರ್ಚ್, ಜಾಕೆಟ್, ಔಷಧ ಪೆಟ್ಟಿಗೆ ಎಂದೆಲ್ಲ ಒಟ್ಟಿಗೆ ಬರೆದರೆ ಆರು ಜನರಲ್ಲಿ ನಾಲ್ಕು ಜನ "ಬೇರೆಯವರು ತರುತ್ತಾರೆ" ಎಂದುಕೊಳ್ಳುತ್ತಾರೆ. ಜಾಕೆಟ್, ಕೈಗವಸು, ಔಷಧ ಪೆಟ್ಟಿಗೆ ಪೆಂಡಾಲಿನಲ್ಲೇ ಇರಲಿ, ಹೆಸರು ಬರೆದು ಪಡೆಯಲಿ, ಹೋಗುವಾಗ ಮುಂದಿನವರಿಗೆ ಒಪ್ಪಿಸಿ ಹೋಗಲಿ. ಮನೆಗೆ ಹೋದ ಜಾಕೆಟ್ ಮುಂದಿನ ಪಾಳಿಗೆ ಬರುವುದಿಲ್ಲ.

ಮನೆಯಿಂದ ತರುವುದರಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಬೇಡ: ಶಾಲು, ಟಾರ್ಚ್, ಪೂರ್ತಿ ಚಾರ್ಜ್ ಮಾಡಿದ ಫೋನು, ತಮ್ಮ ನೀರಿನ ಬಾಟಲಿ, ದಿನಾ ತೆಗೆದುಕೊಳ್ಳುವ ಮಾತ್ರೆ. ಹಗಲಿನ ಸೆಖೆ ನೋಡಿ ಅಂಗಿಯಲ್ಲೇ ಬಂದವರು ಬೆಳಗಿನ ಜಾವದ ಚಳಿಗೆ ಒಲೆಯ ಪಕ್ಕ ಹೋಗಿ ಕೂರುತ್ತಾರೆ, ಅವರ ಜಾಗ ಖಾಲಿಯಾಗುತ್ತದೆ. ಶಾಲು ಬೇಕೆನ್ನುವುದು ಅದಕ್ಕೆ. ಬಿ.ಪಿ., ಸಕ್ಕರೆ ಇರುವ ಹಿರಿಯರು ರಾತ್ರಿಯ ಮಾತ್ರೆ ಮನೆಯಲ್ಲಿ ಮರೆತು ಬಂದರೆ ಸೇವೆಗೆ ಬಂದವರಿಗೇ ಸೇವೆ ಮಾಡಬೇಕಾಗುತ್ತದೆ. ಅವರಿಗೆ ಗುಂಪಿನಲ್ಲಿ ಅಲ್ಲದೆ ಬೇರೆಯಾಗಿ ಫೋನು ಮಾಡಿ ನೆನಪಿಸುವುದು ಮರ್ಯಾದೆ.

ತರಬಾರದ್ದು ಚಿನ್ನ, ಹೊಸ ಚಪ್ಪಲಿ, ಚಿಕ್ಕ ಮಕ್ಕಳು. ಮಜ್ಜಿಗೆ ಕಲಸುವವರು, ಹಂಚುವವರು ಉಂಗುರ, ಬಳೆ ತೆಗೆದು, ಉಗುರು ಕತ್ತರಿಸಿ ಬರಬೇಕು. ಹಿಂದಿನ ಎರಡು ದಿನದಲ್ಲಿ ವಾಂತಿ, ಭೇದಿ ಆದವರು ತಿನ್ನುವ, ಕುಡಿಯುವ ಪದಾರ್ಥ ಮುಟ್ಟಬಾರದು. ಈ ಮಾತನ್ನು ಬರೆಯಲು ಸಂಕೋಚ ಪಡಬೇಡಿ. ಬರೆಯದಿದ್ದರೆ ಅವರು ಸಂಕೋಚಕ್ಕೆ ಬಂದೇ ಬರುತ್ತಾರೆ. "ಹೇಳಿ, ಟಾರ್ಚಿನ ಕೆಲಸ ಕೊಡುತ್ತೇವೆ" ಎಂದು ಪಕ್ಕದಲ್ಲೇ ದಾರಿಯನ್ನೂ ತೋರಿಸಿ.

ಪಟ್ಟಿ ಜಾಗಕ್ಕೆ ತಕ್ಕಂತೆ ಬದಲಾಗಬೇಕು. ನಿಮ್ಮ ಪೆಂಡಾಲಿನಲ್ಲಿ ಸೀಟಿ ಒಳ್ಳೆಯ ಸಾಧನ. ಆದರೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವ ಹೊತ್ತಿಗೆ ಅಷ್ಟು ದೊಡ್ಡ ಜನಸ್ತೋಮವೂ ಮೌನವಾಗುತ್ತದೆ. ಅಲ್ಲಿ ಒಬ್ಬ ಸ್ವಯಂಸೇವಕ ಸೀಟಿ ಊದಿದರೆ ಜನ ಕೇಳಲು ಬಂದದ್ದನ್ನೇ ಕೆಡಿಸಿದಂತೆ. ಅಲ್ಲಿಯವರ ಪಟ್ಟಿಯಲ್ಲಿ ಸೀಟಿ ತರಬಾರದ್ದರ ಸಾಲಿಗೆ ಹೋಗಬೇಕು, ಅದರ ಜಾಗಕ್ಕೆ ಕೈಸನ್ನೆಯೋ ಬಣ್ಣದ ಬಟ್ಟೆಯೋ ಬರಬೇಕು.

ಕೊಟ್ಟೂರಿನಲ್ಲೇ ತೇರಿನ ದಿನದ ಸೇವೆಗೆ ನಿಮ್ಮಲ್ಲಿ ಕೆಲವರು ಹೋಗುವುದಾದರೆ ಅವರ ಸಂದೇಶ ಬೇರೆಯೇ ಇರಲಿ. ಅಲ್ಲಿ ಗಡಿಯಾರದ ವೇಳೆಗಿಂತ ಮೂಲಾ ನಕ್ಷತ್ರದ ಗಳಿಗೆ ದೊಡ್ಡದು. ಹಾಜರಿಗೆ ಗಡಿಯಾರದ ವೇಳೆ ಬರೆಯಬಹುದು. ಬಿಡುಗಡೆಗೆ "ತೇರು ನೆಲೆಗೆ ಬಂದು ನಿಂತು, ಮುಖ್ಯಸ್ಥರು ಹೇಳಿದ ಮೇಲೆ" ಎಂದೇ ಬರೆಯಬೇಕು. "ಸಂಜೆ 6ರವರೆಗೆ" ಎಂದು ಬರೆದಿದ್ದರೆ, ತೇರು ಇನ್ನೂ ದಾರಿಯಲ್ಲಿರುವಾಗಲೇ ಆರು ಹೊಡೆಯಿತೆಂದು ಹಗ್ಗದ ಬಳಿಯಿಂದ ಒಬ್ಬರು ಹೊರಡುತ್ತಾರೆ.

ತೇರಿನ ಬಳಿ ಕೆಲಸದ ಸಾಲು ಎಷ್ಟು ಖಚಿತವಾಗಿರಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ತೇರು ಎಳೆಯುವಾಗಲೇ ಉರುಳಿ ಬಿದ್ದು ಕೆಲವರು ಗಾಯಗೊಂಡರು. ಗಾಲಿಗೆ ತಡೆ ಕೊಡುವುದು, ತೇರಿನ ದಿಕ್ಕು ತಿರುಗಿಸುವುದು ತಲೆತಲಾಂತರದಿಂದ ಆ ಕೆಲಸ ಬಲ್ಲವರದು. ಸ್ವಯಂಸೇವಕರು ಅದಕ್ಕೆ ಕೈಹಾಕಬಾರದು. ನಿಮ್ಮವರಿಗೆ "ತೇರಿನ ಬಳಿ ಜನ ನಿಯಂತ್ರಣ" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. "ತೇರಿನ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ, ಬಲಬದಿಯ ಹಗ್ಗದ ಹೊರಗೆ ನಿಂತು, ಹಗ್ಗದೊಳಗೆ ಯಾರನ್ನೂ ಬಿಡದಿರುವುದು" ಎಂದರೆ ನಿಲ್ಲುವ ಜಾಗವೂ ಗೊತ್ತಾಯಿತು, ಮಾಡಬೇಕಾದ್ದೂ ಗೊತ್ತಾಯಿತು. ನಿಂತ ವಸ್ತು ಬಿದ್ದರೆ ಅದರ ಎತ್ತರದಷ್ಟು ದೂರದವರೆಗೆ ತಲುಪುತ್ತದೆ ಎಂಬುದೇ ಆ ಅಳತೆಯ ಹಿಂದಿನ ಲೆಕ್ಕ. ಅಲ್ಲಿಯ ಸಾಮಾನಿನ ಪಟ್ಟಿಯೂ ಬೇರೆ. ಜನ ತೇರಿಗೆ ಎಸೆದ ಬಾಳೆಹಣ್ಣು ಕಾಲಡಿಗೆ ಸಿಕ್ಕು ನೆಲವೆಲ್ಲ ಜಾರುತ್ತದೆ. ನೂಕುನುಗ್ಗಲಿನಲ್ಲಿ ಜೋತಾಡುವ ಟವೆಲು, ಶಲ್ಯ ಯಾವುದಕ್ಕಾದರೂ ಸಿಕ್ಕಿ ಎಳೆಯುತ್ತದೆ. ಪೆಂಡಾಲಿನವರಿಗೆ ಶಾಲು ಬೇಕು, ತೇರಿನವರಿಗೆ ಶಾಲು ಬೇಡ. ಒಂದೇ ಸಂದೇಶವನ್ನು ಎರಡೂ ಗುಂಪಿಗೆ ಕಳಿಸಬಾರದು ಎನ್ನುವುದು ಇದಕ್ಕೇ.

ಇಷ್ಟನ್ನೂ ಸೇರಿಸಿ ನಿಮ್ಮ ನಡುಪಾಳಿಯ ಒಬ್ಬರಿಗೆ ಹೋಗುವ ಸಂದೇಶ ಹೀಗಿರಬಹುದು. ದಿನಾಂಕ, ಗುರುತು ಉದಾಹರಣೆಗಷ್ಟೇ.

ಎರಡನೇ ಪಾಳಿ – ಫೆ. 11, ಬುಧವಾರ ರಾತ್ರಿ
ಊರಿನಿಂದ: ರಾತ್ರಿ 8:00, ಬಾಗಳಿ ಬಸ್ ನಿಲ್ದಾಣ. ಗಾಡಿ 8:15ಕ್ಕೆ ಹೊರಡುತ್ತದೆ.
ನೇರವಾಗಿ ಬರುವವರು: ರಾತ್ರಿ 9:30, ಪೆಂಡಾಲು.
ಬಿಡುಗಡೆ: ಅದೇ ರಾತ್ರಿ 2 ಗಂಟೆ (ಗುರುವಾರ ಬೆಳಗಾಗುವ ಮುಂಚೆ). ವಾಪಸ್ ಗಾಡಿ ಇದೆ.
ಜಾಗ: ಕೊಟ್ಟೂರಿಗೆ ಮುಖ ಮಾಡಿದರೆ ಎಡಗಡೆ, ಬೇವಿನ ಮರದ ಕೆಳಗೆ.
ನಿಮ್ಮ ಕೆಲಸ: ಟಾರ್ಚ್. ಪೆಂಡಾಲಿಗೆ 50 ಹೆಜ್ಜೆ ಮುಂಚೆ ನಿಂತು ಜನರನ್ನು ರಸ್ತೆಯಿಂದ ಪಕ್ಕಕ್ಕೆ ಕರೆಯುವುದು. ಬೆಳಕು ನೆಲಕ್ಕೆ. 11, 12, 1 ಗಂಟೆಗೆ ಲೋಟ ಆರಿಸುವವರೊಂದಿಗೆ ಅದಲುಬದಲು.
ಯಾರಾದರೂ ಬಿದ್ದರೆ: ಮೊದಲು 108, ಆಮೇಲೆ ಪಾಳಿಯ ಮುಖ್ಯಸ್ಥರು.
ತನ್ನಿ: ಶಾಲು, ಟಾರ್ಚ್, ಚಾರ್ಜ್ ಆದ ಫೋನು, ನೀರಿನ ಬಾಟಲಿ, ನಿಮ್ಮ ಮಾತ್ರೆ.
ಅಲ್ಲಿ ಕೊಡುತ್ತೇವೆ: ಜಾಕೆಟ್, ಊಟ, ಚಹಾ.
ಬೇಡ: ಚಿನ್ನ, ಹೊಸ ಚಪ್ಪಲಿ, ಮಕ್ಕಳು.
ಮಂಗಳವಾರ ರಾತ್ರಿ 9ರೊಳಗೆ "ಊರಿನಿಂದ" ಅಥವಾ "ನೇರ" ಎಂದು ಉತ್ತರಿಸಿ.

ಜಾಗದ ಸಾಲಿನ ಕೊನೆಗೆ ನೀವು ನೋಡಿಕೊಂಡು ಬಂದ ಕಿಲೋಮೀಟರು ಕಲ್ಲಿನ ಅಂಕಿಯನ್ನೂ, ಮುಖ್ಯಸ್ಥರ ಸಾಲಿಗೆ ಫೋನು ನಂಬರನ್ನೂ ಸೇರಿಸಿಕೊಳ್ಳಿ. ಕೊನೆಯ ಸಾಲನ್ನು ಗಮನಿಸಿ. "ಓಕೆ", ಹೆಬ್ಬೆರಳಿನ ಚಿತ್ರ ಇವು ಸಂದೇಶ ನೋಡಿದ್ದಕ್ಕೆ ಸಾಕ್ಷಿ, ಬರುತ್ತಾರೆಂಬುದಕ್ಕಲ್ಲ. "ಊರಿನಿಂದ" ಅಥವಾ "ನೇರ" ಎಂದು ಉತ್ತರಿಸಬೇಕಾದವರು ವೇಳೆಯ ಸಾಲನ್ನು ಓದಲೇಬೇಕು. ರೈಲ್ವೆಯಲ್ಲಿ ಇಂಜಿನ್ ಚಾಲಕರ ಮನೆಬಾಗಿಲಿಗೆ ಕರೆಯಾಳು ಹೋಗಿ, ಎಬ್ಬಿಸಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುವ ಪದ್ಧತಿ ಇತ್ತು. ಸಹಿ ಬಾರದಿದ್ದರೆ ಬೇರೊಬ್ಬರನ್ನು ಹುಡುಕಲು ಇನ್ನೂ ಹೊತ್ತಿರುತ್ತಿತ್ತು. ನಿಮ್ಮ ಗಡುವೂ ಹಾಗೆ ಇರಬೇಕು. ಮಂಗಳವಾರ ಸಂಜೆ 6ಕ್ಕೆ ಸಂದೇಶ, 9ಕ್ಕೆ ಉತ್ತರದ ಗಡುವು, ಬುಧವಾರ ಬೆಳಿಗ್ಗೆ 8ಕ್ಕೆ ಉತ್ತರಿಸದವರಿಗೆ ಫೋನು, ಮಧ್ಯಾಹ್ನ 12ಕ್ಕೂ ಸಿಗದಿದ್ದರೆ ಮೀಸಲಿನವರಿಗೆ ಕರೆ. ಹದಿನೆಂಟಕ್ಕೆ ಮೂರು ಜನ ಮೀಸಲು ಇಟ್ಟುಕೊಂಡಿದ್ದರೆ ಈ ಸರಪಳಿ ನಡೆಯುತ್ತದೆ. ಇಲ್ಲದಿದ್ದರೆ ಸಂದೇಶ ಎಷ್ಟು ಚೆನ್ನಾಗಿದ್ದರೂ ಖಾಲಿ ಜಾಗ ಖಾಲಿಯೇ.

ಗುಂಪಿನಲ್ಲಿ ಈ ಸಂದೇಶ ಹಾಕಿದರೆ ಹಬ್ಬದ ಶುಭಾಶಯಗಳ ಕೆಳಗೆ ಮುಳುಗುತ್ತದೆ. ಆಯಾ ಪಾಳಿಯವರಿಗೆ ಒಬ್ಬೊಬ್ಬರಿಗೇ ಕಳಿಸಿ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವುದಾದರೆ ನೆನಪಿರಲಿ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಓದಲು ಕಷ್ಟವಾಗುವ ಹಿರಿಯರಿಗೆ ಧ್ವನಿ ಸಂದೇಶ ಕಳಿಸಿ. ಅದರಲ್ಲಿ ನಮಸ್ಕಾರ ಆದೊಡನೆ ವೇಳೆ ಮತ್ತು ಜಾಗ ಬರಲಿ, ಉಳಿದದ್ದು ಆಮೇಲೆ. ಎರಡು ನಿಮಿಷದ ಧ್ವನಿಯ ಕೊನೆಯಲ್ಲಿ ವೇಳೆ ಹೇಳಿದರೆ ಅಷ್ಟು ಹೊತ್ತು ಕೇಳುವವರು ಕಡಿಮೆ.

ಪಾಳಿಗೆ ಎರಡು ಮೂರು ಗಂಟೆ ಮುಂಚೆ ಒಂದು ಚಿಕ್ಕ ಎಸ್ಎಂಎಸ್ ಕೂಡ ಹೋಗಲಿ. ಇಂಟರ್ನೆಟ್ ನಿಂತಾಗಲೂ ಅದು ತಲುಪುವ ಸಂಭವ ಹೆಚ್ಚು. ಇಂಗ್ಲಿಷ್ ಎಸ್ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಆ 70ರಲ್ಲೂ ಒತ್ತು, ಗುಣಿತ ಪ್ರತಿಯೊಂದೂ ಬೇರೆ ಬೇರೆ ಎಣಿಕೆ. ನಮ್ಮ ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ "ಕೊಟ್ಟೂರು" ಫೋನಿನ ಲೆಕ್ಕದಲ್ಲಿ ಎಂಟು. ಅದನ್ನು ಮೀರಿದರೆ ಸಂದೇಶ ತುಂಡಾಗಿ ಹೋಗುತ್ತದೆ. ಟವರು ಕಿಕ್ಕಿರಿದಾಗ ಒಂದು ತುಂಡು ಬಂದು ಇನ್ನೊಂದು ಉಳಿಯಬಹುದು. "ಬುಧವಾರ ರಾತ್ರಿ 9:30ಕ್ಕೆ ನೀರಿನ ಪೆಂಡಾಲು. ಟಾರ್ಚ್, ಶಾಲು ತನ್ನಿ." ಖಾಲಿ ಜಾಗ ಸೇರಿ ಇದು 57, ಒಂದೇ ತುಂಡಿನಲ್ಲಿ ಹೋಗುತ್ತದೆ. ಇಲ್ಲಿ "ಇಂದು" ಎಂದು ಬರೆಯದೆ "ಬುಧವಾರ" ಎಂದು ಬರೆದದ್ದಕ್ಕೆ ಕಾರಣವಿದೆ. ತಡವಾಗಿ ತಲುಪಿದ ಸಂದೇಶದಲ್ಲಿ "ಇಂದು" ಎಂದಿದ್ದರೆ ಓದುವವರ ಇಂದೇ ಬೇರೆಯಾಗಿರುತ್ತದೆ.

ಸಂದೇಶದಿಂದ ಆಗದ ಕೆಲಸಗಳೂ ಇವೆ. ಪಾಳಿಯನ್ನೇ ಬದಲಾಯಿಸಿದ್ದರೆ, ಜಾಗ ಬದಲಾಗಿದ್ದರೆ ಹೊಸ ಸಂದೇಶ ಕಳಿಸಿ ಸುಮ್ಮನಾಗಬೇಡಿ. ಹಳೆಯದು ಅವರ ಫೋನಿನಲ್ಲಿ ಹಾಗೇ ಇರುತ್ತದೆ, ಯಾವುದು ಹೊಸದೆಂದು ಕತ್ತಲಲ್ಲಿ ತಿಳಿಯುವುದಿಲ್ಲ. ಆಗ ಬಾಯಿಮಾತಿನಲ್ಲೇ ಹೇಳಿ, ಅವರ ಬಾಯಿಂದ ವೇಳೆಯನ್ನು ಮತ್ತೊಮ್ಮೆ ಹೇಳಿಸಿ. ಹಾಗೆಯೇ ಹಗಲೆಲ್ಲ ಹೊಲದಲ್ಲಿ ದುಡಿದವರಿಗೆ ಬೆಳಗಿನ ಜಾವದ ಪಾಳಿ ಹಾಕಿದ್ದರೆ, ಅದು ಹಂಚಿಕೆಯ ತಪ್ಪು. ಎಂಥ ಸಂದೇಶವೂ ಅವರ ನಿದ್ದೆಯನ್ನು ತಡೆಯಲಾರದು.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಗುಂಪಿಗೆ ಸೇರದ, ಪೆಂಡಾಲನ್ನು ನೋಡಿರದ ಮನೆಯವರೊಬ್ಬರ ಕೈಗೆ ಫೋನು ಕೊಟ್ಟು ಕೇಳಿ: ಯಾವ ದಿನ ಉಂಡು ಹೊರಡಬೇಕು? ಎಲ್ಲಿಗೆ? ಹೋಗಿ ಎಲ್ಲಿ ನಿಲ್ಲಬೇಕು? ಯಾರಾದರೂ ಬಿದ್ದರೆ ಮೊದಲು ಯಾರಿಗೆ ಫೋನು? ಮನೆಗೆ ಯಾವಾಗ ಬರಬಹುದು? ಈ ಐದಕ್ಕೂ ಅವರು ನಿಮ್ಮನ್ನು ಮತ್ತೇನೂ ಕೇಳದೆ ಉತ್ತರ ಹೇಳಿದರೆ ಸಂದೇಶ ಕಳಿಸಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ.